ಪಿಂಚಣಿ ಫೈಲು ‘ಮೇಲೆ ಹೋಗಿದೆ’ ಅಂದರೆ ಎಲ್ಲಿಗೆ?

ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡಿಗರು ಮಾಹಿತಿ ಹಕ್ಕಿನ ಅರ್ಜಿ ಬರೆಯುವ ಬಗೆ

ತಾಲೂಕಿನ ಪಂಚಾಯತ್ ಸಮಿತಿಯಲ್ಲಿ ಕೇಳಿದರೆ ‘ನಿಮ್ಮ ಫೈಲ್ ಲಾತೂರಿಗೆ ಹೋಗ್ಯಾದ’ ಅನ್ನುತ್ತಾರೆ. ಬಸ್ಸು ಹಿಡಿದು ಲಾತೂರಿಗೆ ಹೋದರೆ ‘ತ್ರುಟಿ ಹಾಕಿ ವಾಪಸ್ ಕಳಿಸೀವಿ, ಅಲ್ಲೇ ಕೇಳ್ರಿ’ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರಬೇಕೆಂದೇನಿಲ್ಲ. ಫೈಲು ಹೋದದ್ದೂ ನಿಜ, ಬಂದದ್ದೂ ನಿಜ ಇರಬಹುದು. ಯಾವ ತಾರೀಖಿಗೆ ಹೋಯಿತು, ಯಾವ ತಾರೀಖಿಗೆ ಬಂತು, ಬಂದ ಮೇಲೆ ಯಾರ ಮೇಜಿನ ಮೇಲೆ ಕೂತಿದೆ ಅನ್ನುವುದು ಮಾತ್ರ ಬಾಯಿಮಾತಿನ ಉತ್ತರದಲ್ಲಿ ಇರುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ ಮಾಡಬೇಕಾದ ಕೆಲಸ ಇಷ್ಟೇ: ಆ ತಾರೀಖುಗಳನ್ನು ಕಾಗದದ ಮೇಲೆ ತರಿಸುವುದು. ಪಿಂಚಣಿ ಮಂಜೂರು ಮಾಡುವ ಅಧಿಕಾರ ಆ ಅರ್ಜಿಗಿಲ್ಲ. ಆದರೆ ಯಾರನ್ನು, ಯಾವ ಕಾಗದ ಹಿಡಿದು ಕೇಳಬೇಕು ಎಂಬುದು ಅದರಿಂದ ಗೊತ್ತಾಗುತ್ತದೆ.

ಒಂದು ಪ್ರಕರಣವನ್ನು ಕಲ್ಪಿಸಿಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ನಿಲಂಗಾ ತಾಲೂಕಿನ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು 1998ರಲ್ಲಿ ನೇಮಕವಾದವರು, ಸೇವೆಯಲ್ಲಿರುವಾಗಲೇ ತೀರಿಕೊಂಡರು. ಮನೆಯಾಕೆ 2025ರ ಜೂನ್ 9ರಂದು ಕುಟುಂಬ ಪಿಂಚಣಿಯ ಕಾಗದಗಳನ್ನೆಲ್ಲ ಪಂಚಾಯತ್ ಸಮಿತಿಗೆ ಕೊಟ್ಟರು. ದೀಪಾವಳಿ ಕಳೆದರೂ ಸುದ್ದಿಯಿಲ್ಲ. ಮಹಾರಾಷ್ಟ್ರದಲ್ಲಿ 2005ರ ನವೆಂಬರ್ 1ರಂದು ಅಥವಾ ಆಮೇಲೆ ಸೇರಿದವರಿಗೆ ಪಿಂಚಣಿ ಯೋಜನೆಯೇ ಬೇರೆ. ಈ ಶಿಕ್ಷಕರು ಹಳೆಯ ಪಿಂಚಣಿಯವರು.

ಮೊದಲು ಕಚೇರಿ ಯಾವುದೆಂದು ತಿಳಿಯಿರಿ

ಅರ್ಜಿ ತಪ್ಪು ಕಚೇರಿಗೆ ಹೋದರೆ ಕಾಯ್ದೆಯ 6(3)ನೇ ಕಲಮಿನ ಪ್ರಕಾರ ಅವರು ಐದು ದಿನದೊಳಗೆ ಸರಿಯಾದ ಕಚೇರಿಗೆ ದಾಟಿಸಬೇಕು. ಆದರೂ ದಾಟಿಸುವುದರಲ್ಲೇ ದಿನ ಹೋಗುತ್ತವೆ. ಶುಲ್ಕದ ನಿಯಮವೂ ಕಚೇರಿಯಿಂದ ಕಚೇರಿಗೆ ಬೇರೆ. ಹಾಗಾಗಿ ಇದನ್ನು ಮೊದಲೇ ಸರಿಮಾಡಿಕೊಳ್ಳುವುದು ಲೇಸು.

ಜಿಲ್ಲಾ ಪರಿಷತ್ ಶಿಕ್ಷಕರ ಫೈಲು ತಾಲೂಕಿನ ಪಂಚಾಯತ್ ಸಮಿತಿಯ ಗಟಶಿಕ್ಷಣಾಧಿಕಾರಿ ಕಚೇರಿಯಲ್ಲಿ ಹುಟ್ಟುತ್ತದೆ. ಅಲ್ಲಿಂದ ಜಿಲ್ಲಾ ಪರಿಷತ್ತಿನ ಪ್ರಾಥಮಿಕ ಶಿಕ್ಷಣ ವಿಭಾಗಕ್ಕೆ, ಮುಂದೆ ಅರ್ಥ ವಿಭಾಗಕ್ಕೆ ಹೋಗುತ್ತದೆ. ನಿಲಂಗಾ, ಉದಗೀರದವರಿಗೆ ಜಿಲ್ಲಾ ಪರಿಷತ್ ಲಾತೂರಿನಲ್ಲಿದೆ. ಉಮರ್ಗಾದವರಿಗೆ ಧಾರಾಶಿವದಲ್ಲಿ, ಅಂದರೆ ಹಿಂದಿನ ಉಸ್ಮಾನಾಬಾದಿನಲ್ಲಿದೆ. ಇವೆಲ್ಲ ರಾಜ್ಯದ ಕಚೇರಿಗಳು, ಇಲ್ಲಿ ಮಹಾರಾಷ್ಟ್ರದ ನಿಯಮ ನಡೆಯುತ್ತದೆ.

ತಹಶೀಲ ಕಚೇರಿ, ಪೊಲೀಸ್, ಕೃಷಿ ಇಲಾಖೆಯಂಥ ರಾಜ್ಯ ಸರಕಾರಿ ನೌಕರರ ದಾರಿ ಬೇರೆ. ಮರಾಠವಾಡದವರ ಪಿಂಚಣಿ ಪತ್ರ ಹೊರಡುವುದು ನಾಗಪುರದ ಮಹಾಲೇಖಾಪಾಲರ ಕಚೇರಿಯಿಂದ. ಅದು ಕೇಂದ್ರದ ಕಚೇರಿ. ಹಾಗಾಗಿ ಫೈಲು ಇನ್ನೂ ಇಲಾಖೆಯಲ್ಲೇ ಇದ್ದರೆ ರಾಜ್ಯದ ನಿಯಮ, ನಾಗಪುರ ಮುಟ್ಟಿದ್ದರೆ ಕೇಂದ್ರದ ನಿಯಮ. ಗಡಿಯಾಚೆ ಬೀದರ್, ಕಲಬುರಗಿ ಕಡೆ ನೌಕರಿ ಮಾಡಿ ಈಗ ಉದಗೀರದಲ್ಲಿ ನೆಲೆಸಿದವರು ಕರ್ನಾಟಕದ ತಮ್ಮ ಹಳೇ ಕಚೇರಿಗೇ ಬರೆಯಬೇಕು.

ನಮ್ಮ ಉದಾಹರಣೆಯಲ್ಲಿ ಕಾಗದ ಕೊಟ್ಟಿದ್ದು ಪಂಚಾಯತ್ ಸಮಿತಿಗೆ. ಫೈಲು ಖಚಿತವಾಗಿ ಇದ್ದ ಕೊನೆಯ ಜಾಗವೂ ಅದೇ. ಆದ್ದರಿಂದ ಮೊದಲ ಅರ್ಜಿ ಅಲ್ಲಿಗೇ. ‘ಮೇಲೆ ಹೋಗಿದೆ’ ಎಂಬ ಮಾತು ನಂಬಿ ನೇರ ಜಿಲ್ಲಾ ಪರಿಷತ್ತಿಗೆ ಬರೆದರೆ, ಫೈಲು ಹೊರಟೇ ಇಲ್ಲದಿದ್ದಾಗ ‘ನಮ್ಮಲ್ಲಿ ಇಲ್ಲ’ ಎಂಬ ಒಂದು ಸಾಲಿನ ಉತ್ತರಕ್ಕೆ ಒಂದು ತಿಂಗಳು ಕಾಯಬೇಕಾಗುತ್ತದೆ.

ಭಾಷೆಯ ತೊಡಕು

1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲೇ ಇದ್ದವು. ಮನೆಮಾತು ಕನ್ನಡವಾಗಿ ಉಳಿಯಿತು, ಕಚೇರಿಯ ಮಾತು ಮರಾಠಿಯಾಯಿತು. ಮಾಹಿತಿ ಹಕ್ಕಿನ ಅರ್ಜಿಯನ್ನು ಹಿಂದಿ, ಇಂಗ್ಲಿಷ್ ಅಥವಾ ಅರ್ಜಿ ಸಲ್ಲಿಸುವ ಪ್ರದೇಶದ ಅಧಿಕೃತ ಭಾಷೆಯಲ್ಲಿ ಕೊಡಬೇಕೆಂದು 6(1)ನೇ ಕಲಮು ಹೇಳುತ್ತದೆ. ಈ ಮೂರು ತಾಲೂಕುಗಳಲ್ಲಿ ಅದು ಮರಾಠಿ. ಇಲ್ಲಿನ ಕಚೇರಿಗೆ ಕನ್ನಡದಲ್ಲಿ ಬರೆದು ಕೊಟ್ಟರೆ ವಾಪಸ್ ಮಾಡಲು ಅವರಿಗೊಂದು ನೆಪ ಸಿಕ್ಕಂತೆ. ಕನ್ನಡದಲ್ಲಿ ಯೋಚಿಸಿ ಮರಾಠಿಯಲ್ಲಿ ಬರೆಸಿರಿ. ಕರ್ನಾಟಕದ ಕಚೇರಿಗಾದರೆ ಕನ್ನಡ ನಡೆಯುತ್ತದೆ.

ಮರಾಠಿ ಆಡಲು ಬರುತ್ತದೆ, ಬರೆಯಲು ಬರುವುದಿಲ್ಲ ಅನ್ನುವವರು ಈ ಭಾಗದಲ್ಲಿ ಬಹಳ. ಅಂಥವರಿಗಾಗಿ ಅದೇ ಕಲಮಿನಲ್ಲಿ ಒಂದು ಮಾತಿದೆ. ಬರೆದು ಕೊಡಲಾಗದವರು ಬಾಯಲ್ಲಿ ಕೇಳಿದ್ದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು. ಹೆಬ್ಬೆಟ್ಟು ಒತ್ತುವವರಿಗೂ ಈ ಹಕ್ಕಿದೆ. ಆದರೂ ಮನೆಯಲ್ಲಿ ಮರಾಠಿ ಶಾಲೆಗೆ ಹೋದ ಮಗನೋ ಮೊಮ್ಮಗಳೋ ಇದ್ದರೆ ಅವರಿಂದಲೇ ಬರೆಸುವುದು ಸುಲಭ, ಯಾಕೆಂದರೆ ಬೇಕಾದ ಕಚೇರಿ ಪದಗಳು ಹೆಚ್ಚುಕಡಿಮೆ ನಮ್ಮವೇ: ಆವಕ, ಜಾವಕ, ಟಿಪ್ಪಣಿ, ತ್ರುಟಿ, ಸೇವಾಪುಸ್ತಕ, ನಿವೃತ್ತಿವೇತನ, ಜನ ಮಾಹಿತಿ ಅಧಿಕಾರಿ.

‘ಯಾಕೆ’ ಎಂದು ಕೇಳಬೇಡಿ, ಕಾಗದ ಕೇಳಿ

ಹೆಚ್ಚಿನ ಅರ್ಜಿಗಳು ಸೋಲುವುದು ಇಲ್ಲಿಯೇ. ‘ನನ್ನ ಪಿಂಚಣಿ ಯಾಕೆ ತಡವಾಗಿದೆ, ಯಾವಾಗ ಆಗುತ್ತದೆ’ ಎಂದು ಬರೆದರೆ ಆ ಪ್ರಶ್ನೆಗೆ ಉತ್ತರ ಕೊಡದೆ ಮುಗಿಸಿಬಿಡಬಹುದು. ಸೆಲ್ಸಾ ಪಿಂಟೊ ಪ್ರಕರಣದಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ 2008ರಲ್ಲಿ ಇದನ್ನೇ ಹೇಳಿತು: ಒಂದು ಕೆಲಸ ಯಾಕೆ ಆಯಿತು, ಯಾಕೆ ಆಗಲಿಲ್ಲ ಎಂದು ಸಮಜಾಯಿಷಿ ಕೇಳುವುದು ಮಾಹಿತಿ ಕೇಳಿದಂತಲ್ಲ. 2011ರಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಚೇರಿಯಲ್ಲಿ ಇರುವ ದಾಖಲೆ ಕೊಡಬೇಕೇ ಹೊರತು ಇಲ್ಲದ್ದನ್ನು ತಯಾರಿಸಿ ಕೊಡಬೇಕಾಗಿಲ್ಲ ಎಂದಿತು.

ಹಾಗಾದರೆ ತಡಕ್ಕೆ ಕಾರಣ ತಿಳಿಯುವುದು ಹೇಗೆ? ಕಾರಣ ಬರೆದಿರುವ ಕಾಗದವನ್ನೇ ಕೇಳಬೇಕು. ಅರ್ಥ ವಿಭಾಗ ಫೈಲನ್ನು ವಾಪಸ್ ಕಳಿಸಿದ್ದರೆ ತ್ರುಟಿ ಪತ್ರ ಬರೆದೇ ಕಳಿಸಿರುತ್ತದೆ. ಫೈಲಿನೊಳಗೆ ಪ್ರತಿಯೊಬ್ಬರೂ ಟಿಪ್ಪಣಿ ಬರೆದು ಸಹಿ ಹಾಕಿ ಮುಂದಿನವರಿಗೆ ಕೊಟ್ಟಿರುತ್ತಾರೆ. ಆವಕ, ಜಾವಕ ವಹಿಗಳಲ್ಲಿ ನಂಬರು, ತಾರೀಖು ಇರುತ್ತವೆ. ಇವೆಲ್ಲ ಇರುವ ದಾಖಲೆಗಳು, ಇಲ್ಲ ಎನ್ನಲಾಗದು.

ಮಹಾರಾಷ್ಟ್ರದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಪಿಂಚಣಿಯ ಜೊತೆ ವೇತನ ಬಾಕಿ, ವೈದ್ಯಕೀಯ ಬಿಲ್ಲು ಸೇರಿಸಬೇಡಿ, ಅವಕ್ಕೆ ಬೇರೆ ಅರ್ಜಿ ಹಾಕಿ. ಎಷ್ಟು ಸಲ ಅಲೆದೆ, ಎಷ್ಟು ಸಾಲ ಮಾಡಿದೆ ಎಂಬುದನ್ನೂ ಬರೆಯಬೇಡಿ. ಮಾಹಿತಿ ಯಾಕೆ ಬೇಕು ಎಂದು ಹೇಳುವ ಅಗತ್ಯವೇ ಕಾಯ್ದೆಯಲ್ಲಿಲ್ಲ.

ಅರ್ಜಿಯ ನಮೂನೆಗೆ ‘ಪರಿಶಿಷ್ಟ ಅ’ ಎನ್ನುತ್ತಾರೆ. ಬಿಳಿ ಹಾಳೆಯ ಮೇಲೆ ಅದೇ ಕ್ರಮದಲ್ಲಿ ಬರೆದರೆ ಸಾಕು. ನಮ್ಮ ಉದಾಹರಣೆಯ ಅರ್ಜಿ ಹೀಗಿರುತ್ತದೆ. ಇದನ್ನೇ ಮರಾಠಿಗೆ ಇಳಿಸಿಕೊಳ್ಳಬಹುದು:

ಗೆ: ಜನ ಮಾಹಿತಿ ಅಧಿಕಾರಿ, ಗಟಶಿಕ್ಷಣಾಧಿಕಾರಿ ಕಾರ್ಯಾಲಯ, ಪಂಚಾಯತ್ ಸಮಿತಿ, ನಿಲಂಗಾ, ಜಿ. ಲಾತೂರ.

ಅರ್ಜಿದಾರರ ಹೆಸರು, ಪೂರ್ಣ ವಿಳಾಸ: …

ವಿಷಯ: ದಿವಂಗತ ಶ್ರೀ …, ಸಹಶಿಕ್ಷಕರು, ಜಿ.ಪ. ಪ್ರಾಥಮಿಕ ಶಾಲೆ …, ಇವರ ಕುಟುಂಬ ಪಿಂಚಣಿ ಪ್ರಕರಣದ ಫೈಲು. ನಾನು ಅವರ ಪತ್ನಿ.

ಅವಧಿ: 9 ಜೂನ್ 2025ರಿಂದ ಈ ಅರ್ಜಿಗೆ ಉತ್ತರ ಕೊಡುವ ದಿನದವರೆಗೆ.

ಬೇಕಾದ ಮಾಹಿತಿ:
1. ನನ್ನ 9 ಜೂನ್ 2025ರ ಅರ್ಜಿಯ ಆವಕ ಕ್ರಮಾಂಕ ಮತ್ತು ಆವಕ ವಹಿಯ ಆ ಪುಟದ ಪ್ರತಿ.
2. ಈ ಫೈಲಿನ ಎಲ್ಲ ಟಿಪ್ಪಣಿ ಹಾಳೆಗಳ ಪ್ರತಿ.
3. ಫೈಲನ್ನು ಬೇರೆ ಕಚೇರಿಗೆ ಕಳಿಸಿದ ಪತ್ರಗಳ ಪ್ರತಿ, ಜಾವಕ ಕ್ರಮಾಂಕ ಮತ್ತು ದಿನಾಂಕ ಸಹಿತ.
4. ಬೇರೆ ಕಚೇರಿಯಿಂದ ಬಂದ ತ್ರುಟಿ ಪತ್ರಗಳ ಪ್ರತಿ, ಅವಕ್ಕೆ ಕೊಟ್ಟ ಉತ್ತರಗಳ ಪ್ರತಿ.
5. ಫೈಲು ಈಗ ಇರುವ ಕಚೇರಿ ಮತ್ತು ಅದನ್ನು ಇಟ್ಟುಕೊಂಡಿರುವವರ ಹುದ್ದೆ.
6. ಫೈಲನ್ನು ಖುದ್ದಾಗಿ ನೋಡಲು ದಿನ ಮತ್ತು ವೇಳೆ.

ಮಾಹಿತಿ ಅಂಚೆಯಿಂದಲೋ, ಖುದ್ದಾಗಿಯೋ: ಅಂಚೆಯಿಂದ, ಸ್ಪೀಡ್ ಪೋಸ್ಟ್.
ಬಡತನ ರೇಖೆಗಿಂತ ಕೆಳಗಿನವರೇ: ಹೌದು ಅಥವಾ ಅಲ್ಲ.
ಸ್ಥಳ, ದಿನಾಂಕ, ಸಹಿ.

ಅವಧಿಯ ಸಾಲಿನಲ್ಲಿ ‘ಉತ್ತರ ಕೊಡುವ ದಿನದವರೆಗೆ’ ಎಂದು ಬರೆದದ್ದು ಬೇಕೆಂದೇ. ಅರ್ಜಿ ಕೈಗೆ ಬಂದ ಮೇಲೆ ಎಷ್ಟೋ ಕಡೆ ಫೈಲು ಏಕಾಏಕಿ ಚುರುಕಾಗುತ್ತದೆ. ಆ ಹೊಸ ಟಿಪ್ಪಣಿಯೂ ಉತ್ತರದೊಳಗೆ ಬರಬೇಕು. ‘ನಾನು ಅವರ ಪತ್ನಿ’ ಎಂಬ ಮಾತೂ ಮುಖ್ಯ. ಪಿಂಚಣಿ ಫೈಲಿನಲ್ಲಿ ಖಾಸಗಿ ವಿವರ ಇರುತ್ತವೆ. ಮೂರನೆಯವರ ಖಾಸಗಿ ಮಾಹಿತಿ ಎಂದು ನಿರಾಕರಿಸಲು ಆಸ್ಪದ ಇರಬಾರದೆಂದರೆ, ಹಕ್ಕುದಾರರ ಹೆಸರಿನಲ್ಲೇ ಅರ್ಜಿ ಹಾಕಿ. ಊರ ಮುಖಂಡನ ಹೆಸರಿನಲ್ಲಿ ಹಾಕಿಸುವುದು ಬೇಡ.

ಹತ್ತು ರೂಪಾಯಿಯ ಸೂಕ್ಷ್ಮ

ರಾಜ್ಯದ ಕಚೇರಿಗೆ ಶುಲ್ಕ 10 ರೂಪಾಯಿ. ಕೋರ್ಟ್ ಫೀ ಸ್ಟ್ಯಾಂಪು ಅಂಟಿಸುವುದು ಇಲ್ಲಿನ ವಾಡಿಕೆ, ನಗದು ಕೊಟ್ಟು ರಸೀದಿ ಪಡೆದರೂ ನಡೆಯುತ್ತದೆ. ಸ್ಟ್ಯಾಂಪು ಮಹಾರಾಷ್ಟ್ರದ್ದೇ ಆಗಿರಲಿ. ಬಸವಕಲ್ಯಾಣಕ್ಕೋ ಭಾಲ್ಕಿಗೋ ಹೋದಾಗ ತಂದ ಕರ್ನಾಟಕದ ಸ್ಟ್ಯಾಂಪು ಇಲ್ಲಿ ಸಲ್ಲದು. ನಾಗಪುರದ ಮಹಾಲೇಖಾಪಾಲರಿಗೆ ಬರೆಯುವಾಗ ಯಾವ ರಾಜ್ಯದ ಕೋರ್ಟ್ ಫೀ ಸ್ಟ್ಯಾಂಪೂ ಬೇಡ. ಅದು ಕೇಂದ್ರದ ಕಚೇರಿಯಾದ್ದರಿಂದ ಅಂಚೆ ಕಚೇರಿಯಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಕೊಂಡು ಲಗತ್ತಿಸಿ. ಬಿಪಿಎಲ್‌ನವರಿಗೆ ಶುಲ್ಕವಿಲ್ಲ, ಪುರಾವೆಯ ನಕಲು ಇಟ್ಟರಾಯಿತು. ಆನ್‌ಲೈನ್ ಹಾಕುವವರಿಗೆ ರಾಜ್ಯದ ತಾಣ rtionline.maharashtra.gov.in, ಕೇಂದ್ರದ್ದು rtionline.gov.in.

ಎರಡು ಪ್ರತಿ ಒಯ್ದು ಒಂದರ ಮೇಲೆ ಆವಕ ಶಾಖೆಯ ಸಿಕ್ಕಾ, ತಾರೀಖು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದರೆ ವಾದಕ್ಕಿಳಿಯದೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಮುಟ್ಟಿದ ತಾರೀಖನ್ನು ಟ್ರ್ಯಾಕಿಂಗ್‌ನಿಂದ ಮುದ್ರಿಸಿಟ್ಟುಕೊಳ್ಳಿ. ಮುಂದಿನ ದಿನಗಣನೆಯೆಲ್ಲ ಆ ಒಂದು ತಾರೀಖಿನ ಮೇಲೆ ನಿಂತಿದೆ.

ಮೂವತ್ತು ದಿನದ ಲೆಕ್ಕ

ನಮ್ಮ ಉದಾಹರಣೆಯಲ್ಲಿ ಅರ್ಜಿ 2025ರ ನವೆಂಬರ್ 3ಕ್ಕೆ ಮುಟ್ಟಿತು ಎನ್ನಿ. ಉತ್ತರಕ್ಕೆ 30 ದಿನ, ಅಂದರೆ ಡಿಸೆಂಬರ್ 3. ಅಷ್ಟರೊಳಗೆ ‘ಇಷ್ಟು ಪುಟ, ಪುಟಕ್ಕೆ 2 ರೂಪಾಯಿಯಂತೆ ಇಷ್ಟು ಹಣ ಕಟ್ಟಿ’ ಎಂಬ ಪತ್ರ ಬರಬಹುದು. ಬೇಗ ಕಟ್ಟಿ, ಯಾಕೆಂದರೆ ಆ ಪತ್ರ ಹೊರಟ ದಿನದಿಂದ ನೀವು ಹಣ ಕಟ್ಟುವ ದಿನದವರೆಗಿನ ಕಾಲ 30 ದಿನದ ಲೆಕ್ಕಕ್ಕೆ ಬರುವುದಿಲ್ಲ. ಅವಧಿ ಮೀರಿದ ಮೇಲೆ ಕೊಡುವ ಮಾಹಿತಿಗೆ ಮಾತ್ರ ಹಣ ಕೇಳುವಂತಿಲ್ಲ.

ಫೈಲು ನೋಡಲು ಕರೆದರೆ ತಪ್ಪದೆ ಹೋಗಿ. ಮೊದಲ ಒಂದು ಗಂಟೆಗೆ ಶುಲ್ಕವಿಲ್ಲ, ಆಮೇಲೆ ಪ್ರತಿ 15 ನಿಮಿಷಕ್ಕೆ 5 ರೂಪಾಯಿ. ಮಹಾರಾಷ್ಟ್ರದ ನಿಯಮದಂತೆ ಪೆನ್ನು ಹೊರಗಿಟ್ಟು ಪೆನ್ಸಿಲ್ ಮಾತ್ರ ಒಳಗೆ ಒಯ್ಯಬೇಕು, ದಾಖಲೆಯ ಮೇಲೆ ಯಾರೂ ತಿದ್ದಬಾರದೆಂದು. ನೋಡುವಾಗ ಟಿಪ್ಪಣಿ ಹಾಳೆಯ ಪುಟಸಂಖ್ಯೆ ಮತ್ತು ಸಹಿಗಳ ಕೆಳಗಿನ ತಾರೀಖುಗಳನ್ನು ಸಾಲಾಗಿ ಬರೆದುಕೊಳ್ಳಿ. ಅರ್ಜಿ ಹಾಕದೆಯೂ ನೋಡುವ ಒಂದು ದಾರಿಯಿದೆ. 2018ರ ನವೆಂಬರ್ 26ರ ಸರಕಾರಿ ನಿರ್ಣಯದ ಪ್ರಕಾರ ಜಿಲ್ಲಾ ಪರಿಷತ್ತಿನಂಥ ಜಿಲ್ಲಾ ಮಟ್ಟದ ಕಚೇರಿಗಳಲ್ಲಿ ಸೋಮವಾರ ಮಧ್ಯಾಹ್ನ 3ರಿಂದ 5ರವರೆಗೆ ನಾಗರಿಕರಿಗೆ ದಾಖಲೆ ತೋರಿಸಬೇಕು.

ಬಂದ ಉತ್ತರವನ್ನು ಓದುವುದು ಹೇಗೆ

ಕಾಗದಗಳು ಬಂದವು, ಅವುಗಳಲ್ಲಿ ಹೀಗಿತ್ತು ಎಂದುಕೊಳ್ಳಿ. ಪಂಚಾಯತ್ ಸಮಿತಿ ಜುಲೈ 14ಕ್ಕೆ ಫೈಲನ್ನು ಲಾತೂರಿಗೆ ಕಳಿಸಿದೆ. ಆಗಸ್ಟ್ 22ಕ್ಕೆ ಅಲ್ಲಿಂದ ಎರಡು ತ್ರುಟಿಗಳೊಂದಿಗೆ ವಾಪಸಾಗಿದೆ. ಒಂದು, ಏಳನೇ ವೇತನ ಆಯೋಗದ ವೇತನ ನಿಶ್ಚಿತಿಯನ್ನು ಸೇವಾಪುಸ್ತಕದಲ್ಲಿ ಪಡತಾಳಣಿ ಮಾಡಿಲ್ಲ. ಎರಡು, ಸೇವಾಪುಸ್ತಕದಲ್ಲಿ ಅಡ್ಡಹೆಸರು ಬಿರಾಜದಾರ ಎಂದಿದೆ, ಹೆಂಡತಿಯ ಆಧಾರ್ ಕಾರ್ಡಿನಲ್ಲಿ ಬಿರಾದಾರ ಎಂದಿದೆ. ಆಗಸ್ಟ್ 28ಕ್ಕೆ ಫೈಲು ನಿಲಂಗಾದಲ್ಲಿ ಆವಕ ಆಗಿದೆ. ಆಮೇಲೆ ಒಂದು ಟಿಪ್ಪಣಿಯೂ ಇಲ್ಲ.

ಎರಡು ತಿಂಗಳಿಂದ ‘ಲಾತೂರಿಗೆ ಹೋಗ್ಯಾದ’ ಎನ್ನುತ್ತಿದ್ದ ಫೈಲು ಅದೇ ಕಚೇರಿಯ ಕಪಾಟಿನಲ್ಲಿತ್ತು. ಈಗ ಮಾಡಬೇಕಾದ್ದು, ಎರಡು ತ್ರುಟಿಗಳಲ್ಲಿ ಯಾವುದು ನಿಮ್ಮ ಕೆಲಸ, ಯಾವುದು ಅವರದು ಎಂದು ಬೇರ್ಪಡಿಸುವುದು. ಹೆಸರಿನ ವ್ಯತ್ಯಾಸ ಸರಿಪಡಿಸುವುದು ನಿಮ್ಮ ಕೆಲಸ. ಎರಡೂ ಹೆಸರು ಒಂದೇ ಮನೆತನದವು, ವ್ಯಕ್ತಿ ಒಬ್ಬರೇ ಎಂದು ಶಪಥಪತ್ರ ಮಾಡಿಸಿ, ಮದುವೆ ಅಥವಾ ರೇಶನ್ ಕಾರ್ಡಿನ ದಾಖಲೆ ಸೇರಿಸಿ ಕೊಡಿ. ಮರಾಠಿ ಗುಮಾಸ್ತ ಒಂದು ರೀತಿ, ಮನೆಯವರು ಒಂದು ರೀತಿ ಬರೆಸಿದ ಇಂಥ ಅಡ್ಡಹೆಸರುಗಳು ಗಡಿಯಲ್ಲಿ ಸಾಮಾನ್ಯ. ಇದನ್ನು ಅರ್ಜಿ ಹಾಕುವ ಮೊದಲೇ ಮನೆಯಲ್ಲಿ ಕೂತು ಪರಿಶೀಲಿಸಬಹುದು. ವೇತನ ಪಡತಾಳಣಿ ಕಚೇರಿಯ ಕೆಲಸ. ಸೇವಾಪುಸ್ತಕ ಅವರ ವಶದಲ್ಲೇ ಇರುತ್ತದೆ, ಅದಕ್ಕಾಗಿ ವಿಧವೆ ಓಡಾಡಬೇಕಾಗಿಲ್ಲ.

ಆದ್ದರಿಂದ ಎರಡನೆಯ ಪತ್ರ ಮಾಹಿತಿ ಹಕ್ಕಿನದಲ್ಲ, ಸಾದಾ ಮನವಿ. ಗಟಶಿಕ್ಷಣಾಧಿಕಾರಿಗೆ ಬರೆದು ಜಿಲ್ಲಾ ಪರಿಷತ್ತಿನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಪ್ರತಿ ಕಳಿಸಿ. ‘ತ್ರುಟಿ ಪತ್ರ ಜಾವಕ ಕ್ರಮಾಂಕ ಇಂಥದ್ದು, ನಿಮ್ಮಲ್ಲಿ ಆವಕ 28 ಆಗಸ್ಟ್, ನನ್ನ ಪಾಲಿನ ಪೂರ್ತತೆ ಇದರೊಂದಿಗೆ ಇದೆ, ನಿಮ್ಮ ಪಾಲಿನದು ಬಾಕಿ’ ಎಂದು ನಾಲ್ಕೇ ಸಾಲು ಸಾಕು. ಅದರಲ್ಲೇ ತಾತ್ಕಾಲಿಕ ಕುಟುಂಬ ಪಿಂಚಣಿ ಮಂಜೂರು ಮಾಡಲು ಕೇಳಿ. ಆಡಳಿತದ ತಪ್ಪಿನಿಂದ ತಡವಾದಾಗ ಬಡ್ಡಿ ಕೊಡುವ ಅವಕಾಶ ಮಹಾರಾಷ್ಟ್ರ ನಾಗರಿಕ ಸೇವಾ ನಿವೃತ್ತಿವೇತನ ನಿಯಮ 1982ರ 129-ಎ, 129-ಬಿ ನಿಯಮಗಳಲ್ಲಿದೆ. ತಡ ಕಚೇರಿಯದೆಂದು ತೋರಿಸಲು ನಿಮ್ಮ ಕೈಯಲ್ಲಿ ಈಗ ಅವರದೇ ತಾರೀಖುಗಳಿವೆ.

ಕೆಲವು ಸಲ ಟಿಪ್ಪಣಿಯಲ್ಲಿ ‘ಹಿಂದೆ ಹೆಚ್ಚು ವೇತನ ಕೊಟ್ಟಿದೆ, ವಸೂಲಿ ಮಾಡಬೇಕು’ ಎಂದು ಇರುತ್ತದೆ. ಆಗ ಹೆದರಿ ಒಪ್ಪಿಗೆ ಬರೆದುಕೊಡಬೇಡಿ. ಪಂಜಾಬ್ ರಾಜ್ಯ ವಿರುದ್ಧ ರಫೀಕ್ ಮಸೀಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ, ತೃತೀಯ ಮತ್ತು ಚತುರ್ಥ ಶ್ರೇಣಿ ನೌಕರರಿಂದಲೂ ನಿವೃತ್ತರಾದವರಿಂದಲೂ ಇಂಥ ವಸೂಲಿ ಸಲ್ಲದು ಎಂದಿದೆ. ಟಿಪ್ಪಣಿಯ ಪ್ರತಿಯೊಂದಿಗೆ ವಕೀಲರನ್ನು ಕಾಣಲು ಇದು ಸರಿಯಾದ ಸಂದರ್ಭ.

ಉತ್ತರ ಬರದಿದ್ದರೆ

ಡಿಸೆಂಬರ್ 3 ದಾಟಿದರೂ ಉತ್ತರವಿಲ್ಲ, ಅಥವಾ ‘ಕಾರ್ಯವಾಹಿ ನಡೆದಿದೆ’ ಎಂಬ ಒಂದೇ ಸಾಲು ಬಂದಿದೆ ಎನ್ನಿ. ಉತ್ತರವೇ ಬಾರದಿದ್ದರೆ ಗಡುವು ಮುಗಿದ ದಿನದಿಂದ, ಅರೆಬರೆ ಉತ್ತರ ಬಂದಿದ್ದರೆ ಅದು ಕೈಸೇರಿದ ದಿನದಿಂದ 30 ದಿನದೊಳಗೆ ಮೊದಲ ಅಪೀಲು ಹಾಕಬೇಕು. ಉತ್ತರ ಬಾರದ ನಮ್ಮ ಲೆಕ್ಕದಲ್ಲಿ 2026ರ ಜನವರಿ 2 ಕೊನೆಯ ದಿನ. ಅದೇ ಕಚೇರಿಯ ಮೇಲಧಿಕಾರಿಯಾದ ಪ್ರಥಮ ಅಪೀಲೀಯ ಅಧಿಕಾರಿಗೆ ‘ಪರಿಶಿಷ್ಟ ಬ’ ನಮೂನೆಯಲ್ಲಿ, 20 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪು ಹಚ್ಚಿ ಕೊಡಿ. ಕೇಂದ್ರದ ಕಚೇರಿಗೆ ಅಪೀಲಿನ ಶುಲ್ಕವಿಲ್ಲ. ಆರು ಅಂಶಗಳಲ್ಲಿ ಯಾವುದಕ್ಕೆ ಉತ್ತರ ಬಂತು, ಯಾವುದಕ್ಕೆ ಇಲ್ಲ ಎಂದು ನಂಬರು ಹಾಕಿ ಬರೆಯಿರಿ. ಅಪೀಲಿನಲ್ಲಿ ಹೊಸ ಪ್ರಶ್ನೆ ಸೇರಿಸಿದರೆ ಹಳೆಯದೂ ಕೆಡುತ್ತದೆ.

ಡಿಸೆಂಬರ್ 10ಕ್ಕೆ ಅಪೀಲು ಕೊಟ್ಟರೆ ತೀರ್ಪಿಗೆ 30 ದಿನ, ಅಂದರೆ ಜನವರಿ 9. ಕಾರಣ ಬರೆದಿಟ್ಟರೆ ಹೆಚ್ಚೆಂದರೆ 45 ದಿನ, ಜನವರಿ 24. ಅಲ್ಲೂ ಆಗದಿದ್ದರೆ 90 ದಿನದೊಳಗೆ ಎರಡನೆಯ ಅಪೀಲು. ಲಾತೂರ, ಧಾರಾಶಿವದವರಿಗೆ ಅದು ರಾಜ್ಯ ಮಾಹಿತಿ ಆಯೋಗದ ಛತ್ರಪತಿ ಸಂಭಾಜಿನಗರ ಖಂಡಪೀಠದಲ್ಲಿ, ನಾಗಪುರದ ಮಹಾಲೇಖಾಪಾಲರ ವಿಷಯವಾದರೆ ದಿಲ್ಲಿಯ ಕೇಂದ್ರ ಮಾಹಿತಿ ಆಯೋಗದಲ್ಲಿ. ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವುದು ಆಯೋಗದ ಅಧಿಕಾರ. ಆ ಹಣ ಅರ್ಜಿದಾರರಿಗೆ ಬರುವುದಿಲ್ಲ.

ಆಯೋಗದ ಮುಂದೆ ಸರದಿ ಉದ್ದ ಇರುತ್ತದೆ, ಅಲ್ಲಿಯವರೆಗೆ ಪಿಂಚಣಿ ಕಾಯುವುದಿಲ್ಲ. ಆದ್ದರಿಂದ ಎರಡನೆಯ ಅಪೀಲು ಹಾಕಿ ಸುಮ್ಮನೆ ಕೂರುವ ಬದಲು, ಅದರ ಜೊತೆಗೇ ಜಿಲ್ಲಾ ಪರಿಷತ್ತಿನ ಅರ್ಥ ವಿಭಾಗಕ್ಕೆ ಇನ್ನೊಂದು 10 ರೂಪಾಯಿಯ ಅರ್ಜಿ ಹಾಕಿ. ‘ಈ ಹೆಸರಿನ ಪ್ರಕರಣ ನಿಮ್ಮಲ್ಲಿ ಆವಕ ಆದ ಮತ್ತು ಜಾವಕ ಆದ ನಂಬರು, ತಾರೀಖು, ತ್ರುಟಿ ಪತ್ರದ ಪ್ರತಿ’ ಎಂದು ಕೇಳಿ. ಫೈಲು ಕೊಟ್ಟ ಕಚೇರಿ ಬಾಯಿ ಬಿಡದಿದ್ದರೂ ಪಡೆದ ಕಚೇರಿಯ ಆವಕ ವಹಿಯಲ್ಲಿ ಅದೇ ತಾರೀಖು ಬರೆದಿರುತ್ತದೆ.